ಕ್ಯಾನ್ ನೀರಿಗೆ ಲೀಟರಿನ ಲೆಕ್ಕ, ಪ್ಯೂರಿಫೈಯರ್‌ಗೆ ವರ್ಷದ ಲೆಕ್ಕ

ಬೆಂಗಳೂರಿನ ಹೊರವಲಯದ ಬಡಾವಣೆಯೊಂದಕ್ಕೆ ಮನೆ ಬದಲಿಸಿದ ಕುಟುಂಬ ಮೊದಲ ವಾರದಲ್ಲಿಯೇ ಎದುರಿಸುವ ಪ್ರಶ್ನೆ ಕುಡಿಯುವ ನೀರಿನದು. ಸಂಪಿಗೆ ಬರುವುದು ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರು. ಅದರಲ್ಲಿ ಬೇಳೆ ಬೇಯುವುದು ತಡ, ಕಾಫಿಯ ರುಚಿ ಕೆಡುತ್ತದೆ, ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಆಗ ಮನೆಯವರ ಮುಂದೆ ಎರಡು ದಾರಿಗಳಿರುತ್ತವೆ. ಹದಿನೈದು ಸಾವಿರ ಕೊಟ್ಟು ಆರ್‌ಒ ಪ್ಯೂರಿಫೈಯರ್ ಹಾಕಿಸಬಹುದು, ಇಲ್ಲವೇ ಮೂಲೆಯ ಅಂಗಡಿಯವರಿಂದ ಇಪ್ಪತ್ತು ಲೀಟರಿನ ಕ್ಯಾನ್ ತರಿಸಿಕೊಳ್ಳಬಹುದು. ಹೆಚ್ಚಿನವರು ಯಂತ್ರದ ಬೆಲೆಯನ್ನು ಕ್ಯಾನಿನ ಬೆಲೆಯೊಂದಿಗೆ ಹೋಲಿಸಿ, ಒಂದೂವರೆ ವರ್ಷದಲ್ಲಿ ಯಂತ್ರದ ದುಡ್ಡು ಹುಟ್ಟುತ್ತದೆ ಎಂದು ತೀರ್ಮಾನಿಸುತ್ತಾರೆ. ಯಂತ್ರಕ್ಕೆ ಕೊಟ್ಟ ಹಣಕ್ಕಿಂತ ಅದರ ಫಿಲ್ಟರು ಮತ್ತು ಸರ್ವೀಸಿಗೆ ಮುಂದೆ ಕೊಡಲಿರುವ ಹಣ ಹೆಚ್ಚು ಎಂಬ ಸಂಗತಿ ಈ ತೀರ್ಮಾನದಲ್ಲಿ ಸೇರಿರುವುದಿಲ್ಲ. ಆದ್ದರಿಂದ ಯಂತ್ರವನ್ನು ಕೊಂಡ ದಿನದಿಂದ ಅದನ್ನು ಗುಜರಿಗೆ ಹಾಕುವ ದಿನದವರೆಗಿನ ಖರ್ಚನ್ನು ತಿಂಗಳುಗಳಿಗೆ ಹಂಚಿ ನೋಡಿದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಲೆಕ್ಕ ಆರಂಭವಾಗಬೇಕಾದದ್ದು ಬೆಲೆಯಿಂದಲ್ಲ, ಮನೆಗೆ ದಿನಕ್ಕೆ ಎಷ್ಟು ನೀರು ಬೇಕು ಎಂಬುದರಿಂದ. ನಾಲ್ಕು ಜನರ ಮನೆಯೊಂದನ್ನು ತೆಗೆದುಕೊಳ್ಳೋಣ. ಒಬ್ಬರಿಗೆ ಎರಡೂವರೆ ಲೀಟರಿನಂತೆ ಕುಡಿಯಲು ಹತ್ತು ಲೀಟರ್ ಬೇಕು. ಅನ್ನ, ಸಾರು, ಕಾಫಿ, ಹಿಟ್ಟು ಕಲಸುವುದು ಇವೆಲ್ಲಕ್ಕೂ ಸೇರಿ ಐದು ಲೀಟರ್. ಅಲ್ಲಿಗೆ ದಿನಕ್ಕೆ ಹದಿನೈದು ಲೀಟರ್, ತಿಂಗಳಿಗೆ 450 ಲೀಟರ್, ಅಂದರೆ ಇಪ್ಪತ್ತೆರಡೂವರೆ ಕ್ಯಾನ್. ಈ ಅಂಕಿಯನ್ನು ಊಹಿಸುವ ಬದಲು ಒಂದು ವಾರ ಅಳೆದು ನೋಡುವುದು ಉತ್ತಮ. ಹಗಲೆಲ್ಲ ಕೆಲಸಕ್ಕೂ ಶಾಲೆಗೂ ಹೋಗುವ ನಾಲ್ವರ ಮನೆಯಲ್ಲಿ ಹತ್ತು ಲೀಟರ್ ಸಾಕಾಗುತ್ತದೆ. ಹಿರಿಯರು ಮನೆಯಲ್ಲೇ ಇರುವ, ಮೂರು ಹೊತ್ತೂ ಅಡುಗೆಯಾಗುವ ಮನೆಯಲ್ಲಿ ಇಪ್ಪತ್ತು ಲೀಟರೂ ಸಾಲದು. ಮುಂದಿನ ಇಡೀ ಲೆಕ್ಕ ಈ ಒಂದು ಅಂಕಿಯ ಮೇಲೆಯೇ ನಿಂತಿದೆ.

ಕ್ಯಾನಿನ ಲೆಕ್ಕ ಸರಳ. ಸ್ಥಳೀಯ ಘಟಕದ ಕ್ಯಾನನ್ನು ಮನೆಬಾಗಿಲಿಗೆ ತಂದುಕೊಡುವವರಿಗೆ ನಲವತ್ತು ರೂಪಾಯಿ ಎಂದಿಟ್ಟುಕೊಂಡರೆ, ತಿಂಗಳಿಗೆ 900 ರೂಪಾಯಿ. ಹೆಸರುವಾಸಿ ಕಂಪನಿಯ ಮುದ್ರೆಯೊತ್ತಿದ ಕ್ಯಾನಿಗೆ ತೊಂಬತ್ತು ರೂಪಾಯಿಯಾದರೆ, ಅದೇ ನೀರಿಗೆ 2,025 ರೂಪಾಯಿ. ಅಂಗಡಿಯ ಒಂದು ಲೀಟರಿನ ಬಾಟಲಿಯನ್ನು ಇಪ್ಪತ್ತು ರೂಪಾಯಿಗೆ ಕೊಂಡು ಮನೆ ನಡೆಸುವುದಾದರೆ 9,000 ರೂಪಾಯಿ ಬೇಕು. 2025ರ ಸೆಪ್ಟೆಂಬರ್ 22ರಿಂದ ಬಾಟಲಿ ನೀರಿನ ಜಿಎಸ್‌ಟಿ ಶೇ 18ರಿಂದ 5ಕ್ಕೂ, ಇಪ್ಪತ್ತು ಲೀಟರ್ ಕ್ಯಾನಿನದು ಶೇ 12ರಿಂದ 5ಕ್ಕೂ ಇಳಿದರೂ ಈ ಅಂತರ ಮುಚ್ಚುವಂಥದ್ದಲ್ಲ. ಹಾಗಾಗಿ ಬಾಟಲಿ ನೀರು ಪ್ರಯಾಣಕ್ಕೆ ಮಾತ್ರ ಉಳಿದ ಆಯ್ಕೆ. ಮನೆಯ ಲೆಕ್ಕದಿಂದ ಅದನ್ನು ಇಲ್ಲಿಯೇ ಬಿಟ್ಟುಬಿಡಬಹುದು. ಕ್ಯಾನಿಗೆ ಮೊದಲು ಕೊಡುವ ಠೇವಣಿ ಮರಳಿ ಬರುವ ಹಣವಾದ್ದರಿಂದ, ಕ್ಯಾನಿನ ಬಾಯಿಗೆ ಸಿಕ್ಕಿಸುವ ಪಂಪಿನ ಬೆಲೆ ಅಲ್ಪವಾದ್ದರಿಂದ, ಅವನ್ನೂ ಬದಿಗಿಡುತ್ತೇನೆ.

ಪ್ಯೂರಿಫೈಯರ್‌ನ ಲೆಕ್ಕಕ್ಕೆ ಯಂತ್ರದೊಳಗೆ ಏನಿದೆ ಎಂಬುದು ಸ್ವಲ್ಪವಾದರೂ ತಿಳಿದಿರಬೇಕು, ಏಕೆಂದರೆ ಅದರ ಒಂದೊಂದು ಭಾಗಕ್ಕೂ ಒಂದೊಂದು ಆಯುಷ್ಯವಿದೆ. ನಲ್ಲಿಯಿಂದ ಬಂದ ನೀರು ಮೊದಲು ಯಂತ್ರದ ಹೊರಗೆ ಗೋಡೆಗೆ ಹಾಕಿದ ಪ್ರೀಫಿಲ್ಟರನ್ನು ದಾಟುತ್ತದೆ. ಇದು ದಾರ ಸುತ್ತಿದಂತೆ ಕಾಣುವ ಬಿಳಿಯ ಕ್ಯಾಂಡಲ್. ಮಣ್ಣು, ತುಕ್ಕು ಇಲ್ಲಿ ನಿಲ್ಲುತ್ತದೆ. ಕೊಳವೆಬಾವಿಯ ನೀರಿನಲ್ಲಿ ಮೂರು ತಿಂಗಳಿಗೆ ಇದು ಕಂದು ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಸೆಡಿಮೆಂಟ್ ಫಿಲ್ಟರು ಅದಕ್ಕಿಂತ ಸಣ್ಣ ಕಣಗಳನ್ನು ಹಿಡಿಯುತ್ತದೆ. ಕಾರ್ಬನ್ ಫಿಲ್ಟರು ಕ್ಲೋರಿನ್ನನ್ನೂ ವಾಸನೆಯನ್ನೂ ಹೀರುತ್ತದೆ. ಇವೆರಡೂ ವರ್ಷಕ್ಕೊಮ್ಮೆ, ನೀರು ಕೆಟ್ಟದಾಗಿದ್ದರೆ ಆರು ತಿಂಗಳಿಗೊಮ್ಮೆ ಬದಲಾಗಬೇಕು. ಆಮೇಲೆ ಪಂಪು ನೀರನ್ನು ಒತ್ತಡದಿಂದ ಮೆಂಬ್ರೇನಿನ ಮೂಲಕ ತಳ್ಳುತ್ತದೆ. ಲವಣಗಳನ್ನು ಬೇರ್ಪಡಿಸುವುದು ಈ ಮೆಂಬ್ರೇನ್ ಒಂದೇ. ಯಂತ್ರದ ಬದಲಾಯಿಸಬೇಕಾದ ಭಾಗಗಳಲ್ಲಿ ದುಬಾರಿಯೂ ಅದೇ. ಅದಕ್ಕಿಂತ ಮೊದಲು ಬರುವ ಫಿಲ್ಟರುಗಳನ್ನು ಸರಿಯಾದ ಸಮಯಕ್ಕೆ ಬದಲಿಸಿದರೆ ಅದು ಎರಡು ಮೂರು ವರ್ಷ ಬಾಳುತ್ತದೆ. ಕಾರ್ಬನ್ ಫಿಲ್ಟರಿನ ಶಕ್ತಿ ಮುಗಿದ ಮೇಲೂ ಅದನ್ನೇ ಓಡಿಸಿದರೆ, ಕ್ಲೋರಿನ್ ನೇರವಾಗಿ ಮೆಂಬ್ರೇನನ್ನು ತಲುಪಿ ಅದನ್ನು ಮರಳಿ ಸರಿಹೋಗದಂತೆ ಕೆಡಿಸುತ್ತದೆ. ಕೆಲವು ನೂರು ರೂಪಾಯಿಯ ಕಾರ್ಬನ್ ಫಿಲ್ಟರನ್ನು ಮುಂದೂಡಿ ಎರಡು ಸಾವಿರದ ಮೆಂಬ್ರೇನನ್ನು ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ.

ಈಗ ಏಳು ವರ್ಷದ ಆಯುಷ್ಯವನ್ನು ಹಿಡಿದು ಕೂಡಿಸೋಣ. ಇಲ್ಲಿರುವ ಬೆಲೆಗಳು ಸಾಧಾರಣ ಮಟ್ಟದ ಯಂತ್ರಕ್ಕೆ ನಾನು ಹಿಡಿದಿರುವ ಬೆಲೆಗಳು. ಓದುಗರು ತಮ್ಮಲ್ಲಿನ ಬೆಲೆಯನ್ನು ಆ ಜಾಗದಲ್ಲಿ ಹಾಕಿಕೊಳ್ಳಬಹುದು. ಯಂತ್ರಕ್ಕೆ 15,000 ರೂಪಾಯಿ. ಮೊದಲ ವರ್ಷ ವಾರಂಟಿಯಲ್ಲಿ ಕಳೆಯುತ್ತದೆ. ಉಳಿದ ಆರು ವರ್ಷ ಕಂಪನಿಯ ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಲ್ಲರ ಬಾಯಲ್ಲಿರುವ ಎಎಂಸಿ, ವರ್ಷಕ್ಕೆ 5,000ದಂತೆ 30,000. ಪ್ರೀಫಿಲ್ಟರು ಬಹಳಷ್ಟು ಒಪ್ಪಂದಗಳಲ್ಲಿ ಸೇರಿರುವುದಿಲ್ಲ. ವರ್ಷಕ್ಕೆ ನಾಲ್ಕು, ಒಂದಕ್ಕೆ 150ರಂತೆ ಏಳು ವರ್ಷಕ್ಕೆ 4,200. ಗಂಟೆಗೆ ಹದಿನೈದು ಲೀಟರ್ ಕೊಡುವ, ಅರವತ್ತು ವಾಟ್ ಎಳೆಯುವ ಯಂತ್ರ ನಮ್ಮ ಲೆಕ್ಕದ ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಓಡುವುದರಿಂದ ವಿದ್ಯುತ್ ತಿಂಗಳಿಗೆ ಎರಡು ಯೂನಿಟ್ಟಿನೊಳಗೇ ಇರುತ್ತದೆ. ಹದಿನೈದು ರೂಪಾಯಿಯೆಂದರೂ ಏಳು ವರ್ಷಕ್ಕೆ 1,260. ಎಲ್ಲವೂ ಸೇರಿ 50,460 ರೂಪಾಯಿ. ಅದನ್ನು 84 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 600 ರೂಪಾಯಿ.

ಈ ಆರುನೂರರಲ್ಲಿ ಯಂತ್ರದ ಬೆಲೆಯ ಪಾಲು 179 ರೂಪಾಯಿ ಮಾತ್ರ. ಎಎಂಸಿಯ ಪಾಲು 357. ಅಂಗಡಿಯಲ್ಲಿ ನಿಂತು ಹದಿಮೂರು ಸಾವಿರದ ಮಾದರಿಯೋ ಹದಿನೈದು ಸಾವಿರದ್ದೋ ಎಂದು ಗಂಟೆಗಟ್ಟಲೆ ಚರ್ಚಿಸುವವರು ತಿಂಗಳಿಗೆ ಇಪ್ಪತ್ತನಾಲ್ಕು ರೂಪಾಯಿಯ ವ್ಯತ್ಯಾಸಕ್ಕಾಗಿ ಚರ್ಚಿಸುತ್ತಿರುತ್ತಾರೆ. ಆ ಮಾದರಿಯ ಮೆಂಬ್ರೇನಿನ ಬೆಲೆಯೆಷ್ಟು, ಫಿಲ್ಟರುಗಳು ಹೊರಗೆ ಸಿಗುವ ಸಾಮಾನ್ಯ ಅಳತೆಯವೋ ಅಥವಾ ಆ ಕಂಪನಿಯಲ್ಲಿ ಮಾತ್ರ ಸಿಗುವ ವಿಶೇಷ ಆಕಾರದವೋ, ಎಎಂಸಿಗೆ ಈ ವರ್ಷ ಎಷ್ಟು ಎಂದು ಕೇಳುವುದೇ ಅಲ್ಲಿ ಕೇಳಬೇಕಾದ ಮಾತು. ಎಎಂಸಿಯ ಬೆಲೆ ಹೇಳುವಾಗ ಶೇ 18ರ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಎಎಂಸಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕುಗಳು ಮಾರಾಟವಾಗುತ್ತವೆ. ಒಂದರಲ್ಲಿ ತಂತ್ರಜ್ಞರ ಭೇಟಿ ಮತ್ತು ಸ್ವಚ್ಛಗೊಳಿಸುವ ಕೆಲಸ ಮಾತ್ರ ಇರುತ್ತದೆ. ಬದಲಿಸಿದ ಪ್ರತಿಯೊಂದಕ್ಕೂ ಬೇರೆ ಹಣ. ಇನ್ನೊಂದರಲ್ಲಿ ಫಿಲ್ಟರುಗಳೂ ಮೆಂಬ್ರೇನೂ ವಿದ್ಯುತ್ ಭಾಗಗಳೂ ಸೇರಿರುತ್ತವೆ. ಮೇಲಿನ ಲೆಕ್ಕ ಎರಡನೆಯದಕ್ಕೆ. ಮೊದಲನೆಯದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡವರು, ವರ್ಷದ ಕೊನೆಯಲ್ಲಿ ಮೆಂಬ್ರೇನಿನ ಬಿಲ್ಲು ಬಂದಾಗ ಎರಡೂ ಸೇರಿ ಐದು ಸಾವಿರವನ್ನು ದಾಟಿರುವುದನ್ನು ಕಾಣುತ್ತಾರೆ. ಒಪ್ಪಂದದ ಹಾಳೆಯಲ್ಲಿ ಮೆಂಬ್ರೇನ್, ಪಂಪು, ಎಸ್‌ಎಂಪಿಎಸ್ ಎಂದು ಕರೆಯುವ ವಿದ್ಯುತ್ ಪೆಟ್ಟಿಗೆ, ಸೊಲೆನಾಯ್ಡ್ ವಾಲ್ವ್ ಈ ನಾಲ್ಕೂ ಹೆಸರು ಹಿಡಿದು ಬರೆದಿವೆಯೇ ಎಂದು ನೋಡಿದರೆ ಅದು ಯಾವ ಬಗೆಯ ಒಪ್ಪಂದ ಎಂಬುದು ತಿಳಿಯುತ್ತದೆ.

ಒಪ್ಪಂದವನ್ನೇ ಬಿಟ್ಟು ಬೇಕಾದಾಗ ಬಡಾವಣೆಯ ಮೆಕ್ಯಾನಿಕ್ಕನ್ನು ಕರೆಸುವ ದಾರಿಯೂ ಇದೆ. ಫಿಲ್ಟರುಗಳ ಒಂದು ಸೆಟ್ಟಿಗೆ ವರ್ಷಕ್ಕೆ 1,200, ಆರು ವರ್ಷದಲ್ಲಿ 2,000ದಂತೆ ಮೂರು ಮೆಂಬ್ರೇನ್, ವರ್ಷಕ್ಕೆ ಎರಡು ಭೇಟಿಗೆ ತಲಾ 300ರ ಕೂಲಿ, ನಡುವೆ ಒಮ್ಮೆ ಪಂಪೋ ಎಸ್‌ಎಂಪಿಎಸ್ಸೋ ಕೆಟ್ಟರೆ 2,000 ಎಂದು ಹಿಡಿದರೆ ಒಟ್ಟು 18,800 ರೂಪಾಯಿ. ಎಎಂಸಿಯ 30,000ಕ್ಕೆ ಹೋಲಿಸಿದರೆ ತಿಂಗಳಿಗೆ 133 ರೂಪಾಯಿ ಉಳಿದು, ಒಟ್ಟು ಖರ್ಚು 470ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಈ ಉಳಿತಾಯ ದಕ್ಕಬೇಕಾದರೆ ಯಾವ ಭಾಗ ನಿಜವಾಗಿ ಮುಗಿದಿದೆ ಎಂಬುದು ಮನೆಯವರಿಗೆ ತಿಳಿದಿರಬೇಕು. ಇಲ್ಲವಾದರೆ ಚೆನ್ನಾಗಿರುವ ಮೆಂಬ್ರೇನು ವರ್ಷವರ್ಷವೂ ಬದಲಾಗುತ್ತಾ ಹೋಗುತ್ತದೆ. ಇದನ್ನು ತಿಳಿಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣಕ್ಕೆ ಟಿಡಿಎಸ್ ಎನ್ನುತ್ತಾರೆ. ಅದನ್ನು ಅಳೆಯುವ ಪೆನ್ನಿನಾಕಾರದ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಮೆಂಬ್ರೇನ್ ಹಾಕಿದ ದಿನ ಒಳಬರುವ ನೀರನ್ನೂ ಹೊರಬರುವ ನೀರನ್ನೂ ಅಳೆದು, ಎರಡೂ ಅಂಕಿಗಳನ್ನು ದಿನಾಂಕದೊಂದಿಗೆ ಯಂತ್ರದ ಬದಿಯಲ್ಲಿ ಬರೆದು ಅಂಟಿಸಬೇಕು. ಒಳಗೆ 820 ಇದ್ದು ಹೊರಗೆ 60 ಬಂದರೆ, ನೂರರಲ್ಲಿ ಏಳು ಪಾಲು ಲವಣ ಮಾತ್ರ ದಾಟಿದೆ, ಮೆಂಬ್ರೇನ್ ಚೆನ್ನಾಗಿದೆ. ಎರಡು ವರ್ಷದ ಮೇಲೆ ಅದೇ 820ಕ್ಕೆ ಹೊರಗೆ 165 ಬಂದರೆ, ಐದರಲ್ಲಿ ಒಂದು ಪಾಲು ದಾಟುತ್ತಿದೆ; ಬದಲಿಸುವ ಸಮಯ ಬಂದಿದೆ. ಹೊರಬರುವ ನೀರಿನ ಅಂಕಿಯನ್ನು ಮಾತ್ರ ನೋಡಿ ತೀರ್ಮಾನಿಸಬಾರದು. ಬೇಸಿಗೆಯಲ್ಲಿ ಟ್ಯಾಂಕರಿನವರು ಬೇರೆ ಕೊಳವೆಬಾವಿಯ ನೀರು ತಂದಾಗ ಒಳಗಿನ ಟಿಡಿಎಸ್ 1,400ಕ್ಕೆ ಏರಿ, ಹೊರಗಿನದು 60ರಿಂದ 105ಕ್ಕೆ ಏರಿದರೆ ಅದು ಮೆಂಬ್ರೇನಿನ ದೋಷವಲ್ಲ. ನಮ್ಮ ಮನೆಗೆ ಬಂದಿದ್ದ ತಂತ್ರಜ್ಞರೊಬ್ಬರು ಮೀಟರನ್ನು ಶುದ್ಧ ನೀರಿಗೆ ಮಾತ್ರ ಅದ್ದಿ, ನೂರು ದಾಟಿದೆ, ಮೆಂಬ್ರೇನ್ ಹೋಯಿತು ಎಂದು ಹೇಳಿದಾಗ ನಲ್ಲಿಯ ನೀರನ್ನೂ ಅಳೆಯುವಂತೆ ಕೇಳಿಕೊಂಡೆವು. ಎರಡನ್ನೂ ಭಾಗಿಸಿ ನೋಡಿದ ಮೇಲೆ ಆ ಮೆಂಬ್ರೇನ್ ಇನ್ನೂ ಹದಿನಾಲ್ಕು ತಿಂಗಳು ನಡೆಯಿತು.

ಈ ಅಳತೆಯಲ್ಲಿ ಎಡವುವ ಜಾಗ ಒಂದಿದೆ. ಅನೇಕ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ನೀರನ್ನು ಮೆಂಬ್ರೇನಿಗೆ ಕಳಿಸದೆ ಪಕ್ಕದಿಂದ ತಂದು ಬೆರೆಸುವ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಅದು ತೆರೆದಿದ್ದರೆ ಹೊರಗಿನ ಅಂಕಿ ಮೆಂಬ್ರೇನಿನ ಸ್ಥಿತಿಯನ್ನು ಹೇಳುವುದಿಲ್ಲ. ಅದನ್ನು ಮುಚ್ಚಿಸಿಯೇ ಅಳೆಯಬೇಕು. ಇನ್ನು ಯಂತ್ರದ ಮೇಲೆ ಫಿಲ್ಟರ್ ಬದಲಿಸಿ ಎಂದು ಮಿನುಗುವ ಕೆಂಪು ದೀಪ ಬಹಳಷ್ಟು ಮಾದರಿಗಳಲ್ಲಿ ಓಡಿದ ಗಂಟೆಗಳನ್ನೋ ಲೀಟರುಗಳನ್ನೋ ಎಣಿಸುತ್ತದೆಯೇ ಹೊರತು ಫಿಲ್ಟರನ್ನು ಪರೀಕ್ಷಿಸುವುದಿಲ್ಲ.

ಟಿಡಿಎಸ್ಸಿನ ಜೊತೆಗೆ ನೀರು ಬರುವ ವೇಗವನ್ನೂ ಗಮನಿಸಬೇಕು. ಶುದ್ಧ ನೀರಿನ ಕೊಳವೆಯಿಂದ ಒಂದು ಲೀಟರ್ ತುಂಬಲು ಮೊದಲು ನಾಲ್ಕು ನಿಮಿಷ ಬೇಕಾಗುತ್ತಿದ್ದು ಈಗ ಎಂಟು ನಿಮಿಷ ಬೇಕಾಗುತ್ತಿದೆ, ಟಿಡಿಎಸ್ ಮಾತ್ರ ಸರಿಯಾಗಿದೆ ಎಂದಾದರೆ, ಮೆಂಬ್ರೇನಿಗಿಂತ ಮೊದಲಿನ ಫಿಲ್ಟರು ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು, ಇಲ್ಲವೇ ಗಡಸು ನೀರಿನ ಸುಣ್ಣ ಮೆಂಬ್ರೇನಿನ ಮೇಲೆ ಕೂತಿರಬಹುದು. ಅಗ್ಗದ್ದರಿಂದ ಆರಂಭಿಸಿ, ಮೊದಲು ಪ್ರೀಫಿಲ್ಟರನ್ನೂ ಸೆಡಿಮೆಂಟನ್ನೂ ಬದಲಿಸಿ ನೋಡುವುದು ಕ್ರಮ. ವೇಗ ಹೆಚ್ಚಿ ಟಿಡಿಎಸ್ಸೂ ಏರಿದ್ದರೆ ಮೆಂಬ್ರೇನ್ ಹರಿದಿದೆ ಅಥವಾ ಅದರ ಸುತ್ತಲಿನ ರಬ್ಬರ್ ಬಳೆ ಸರಿದಿದೆ. ಡಿಸೆಂಬರಿನ ತಣ್ಣನೆಯ ನೀರು ಮೆಂಬ್ರೇನಿನಲ್ಲಿ ನಿಧಾನವಾಗಿಯೇ ಹಾಯುತ್ತದೆ, ಆದ್ದರಿಂದ ಚಳಿಗಾಲದಲ್ಲಿ ವೇಗ ಸ್ವಲ್ಪ ಕುಗ್ಗಿದ್ದಕ್ಕೆ ಯಾರನ್ನೂ ಕರೆಸಬೇಕಿಲ್ಲ. ಕಾರ್ಬನ್ ಫಿಲ್ಟರಿನ ಸ್ಥಿತಿಯನ್ನು ಮಾತ್ರ ಈ ಯಾವ ಅಳತೆಯೂ ಹೇಳುವುದಿಲ್ಲ. ಅದನ್ನು ದಿನಾಂಕ ನೋಡಿಯೇ ಬದಲಿಸಬೇಕು. ಟಿಡಿಎಸ್ ಮೀಟರು ರೋಗಾಣುಗಳನ್ನೂ ಕಾಣಲಾರದು.

ಇಲ್ಲಿಯವರೆಗಿನ ಲೆಕ್ಕದಲ್ಲಿ ಸೇರದ ಒಂದು ಖರ್ಚಿದೆ. ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡರಿಂದ ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಮೂರು ಎಂದೇ ಹಿಡಿದರೆ ನಮ್ಮ ಮನೆಯ 450 ಲೀಟರಿಗೆ 1,350 ಲೀಟರ್ ಹೊರಹೋಗುತ್ತದೆ. ಜಲಮಂಡಳಿಯ ಕಾವೇರಿ ನೀರು ಬರುವ ಸಾಮಾನ್ಯ ಮನೆಯಲ್ಲಿ ಇಷ್ಟು ನೀರಿನ ಬೆಲೆ ಕೆಲವೇ ಹತ್ತು ರೂಪಾಯಿಗಳು. ಟ್ಯಾಂಕರ್ ನಂಬಿದ ಮನೆಯಲ್ಲಿ ಹಾಗಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿಯ ದರ ನಿಗದಿ ಮಾಡಿತ್ತು. ಆ ದರದಲ್ಲಿಯೇ ಲೆಕ್ಕ ಹಾಕಿದರೂ ಹೊರಹೋಗುವ ನೀರಿಗೆ ತಿಂಗಳಿಗೆ 112 ರೂಪಾಯಿ ಬೀಳುತ್ತದೆ. ಆ ಬೇಸಿಗೆಯಲ್ಲಿ ಆ ದರಕ್ಕೆ ಟ್ಯಾಂಕರ್ ಸಿಗದೆ ಪರದಾಡಿದವರಿಗೆ ಈ ಅಂಕಿ ಎಷ್ಟು ಬೆಳೆಯಬಲ್ಲದೆಂದು ಹೇಳಬೇಕಿಲ್ಲ. ಹೊರಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸುವ ಮನೆಯವರು ಈ ಖರ್ಚನ್ನು ಸೇರಿಸಬೇಕಿಲ್ಲ. ಗಿಡಗಳಿಗೆ ಮಾತ್ರ ಅದನ್ನು ದಿನವೂ ಹಾಕಬಾರದು, ಏಕೆಂದರೆ ಒಳಬಂದ ಲವಣವೆಲ್ಲ ಅದರಲ್ಲಿಯೇ ಉಳಿದಿರುತ್ತದೆ. ಕ್ಯಾನ್ ನೀರನ್ನು ಕೊಳ್ಳುವವರ ಮನೆಯಲ್ಲಿ ಈ ನೀರು ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಸ್ಥಳೀಯ ಕ್ಯಾನಿನೊಳಗಿರುವುದೂ ಬಹುತೇಕ ಕೊಳವೆಬಾವಿಯ ನೀರಿಗೆ ಆರ್‌ಒ ಮಾಡಿದ್ದೇ, ಅಲ್ಲಿಯೂ ನೀರು ಹೊರಹೋಗಿರುತ್ತದೆ.

ಈಗ ಎರಡನ್ನೂ ಎದುರುಬದುರು ಇಡೋಣ. ಹದಿನೈದು ಲೀಟರ್ ಬಳಸುವ ಮನೆಯಲ್ಲಿ ಕ್ಯಾನಿಗೆ 900, ಆರ್‌ಒಗೆ ಟ್ಯಾಂಕರ್ ನೀರಿನ ನಷ್ಟವೂ ಸೇರಿ 712. ತಿಂಗಳಿಗೆ 190 ರೂಪಾಯಿಯಷ್ಟು ಉಳಿತಾಯ. ಮಾರಾಟಗಾರರು ಹೇಳುವಷ್ಟು ದೊಡ್ಡದೇನಲ್ಲ. ಆದರೆ ಈ ಎರಡು ಅಂಕಿಗಳು ಬಳಕೆಯೊಂದಿಗೆ ಒಂದೇ ರೀತಿಯಲ್ಲಿ ಬದಲಾಗುವುದಿಲ್ಲ. ಕ್ಯಾನಿನ ಖರ್ಚು ಕುಡಿದಷ್ಟೇ ಆಗುತ್ತದೆ. ಊರಿಗೆ ಹೋದ ಹದಿನೈದು ದಿನ ಅದು ಸೊನ್ನೆ. ಪ್ಯೂರಿಫೈಯರ್‌ನ ಆರುನೂರು ರೂಪಾಯಿ ನೀರು ಕುಡಿದರೂ ಕುಡಿಯದಿದ್ದರೂ ಬಹುಪಾಲು ಹಾಗೆಯೇ ನಿಂತಿರುತ್ತದೆ. ಒಂದು ಕ್ಯಾನಿನಷ್ಟು ನೀರನ್ನು ಯಂತ್ರದಿಂದ ಪಡೆದಾಗ ನಲವತ್ತು ರೂಪಾಯಿ ಉಳಿದು, ಹೊರಹೋಗುವ ಅರವತ್ತು ಲೀಟರ್ ಟ್ಯಾಂಕರ್ ನೀರಿಗೆ ಐದು ರೂಪಾಯಿ ಹೋಗುತ್ತದೆ. ಅಂದರೆ ನಿಜವಾಗಿ ಉಳಿಯುವುದು ಮೂವತ್ತೈದು. ಆರುನೂರನ್ನು ಮೂವತ್ತೈದರಿಂದ ಭಾಗಿಸಿದರೆ ಹದಿನೇಳು ಕ್ಯಾನ್, ದಿನಕ್ಕೆ ಹನ್ನೊಂದೂವರೆ ಲೀಟರ್. ಇದಕ್ಕಿಂತ ಕಡಿಮೆ ಬಳಸುವ ಮನೆಗೆ ನಲವತ್ತು ರೂಪಾಯಿಯ ಕ್ಯಾನೇ ಅಗ್ಗ. ತೊಂಬತ್ತು ರೂಪಾಯಿಯ ಕ್ಯಾನ್ ತರಿಸುವವರಿಗೆ ಈ ಗಡಿ ಏಳು ಕ್ಯಾನಿಗೆ, ದಿನಕ್ಕೆ ಐದು ಲೀಟರಿನ ಹತ್ತಿರಕ್ಕೆ ಇಳಿಯುತ್ತದೆ.

ಒಬ್ಬರೇ ಕೊಠಡಿ ಮಾಡಿಕೊಂಡಿರುವವರಿಗೆ ಇದರ ಅರ್ಥ ಸ್ಪಷ್ಟವಾಗಿದೆ. ದಿನಕ್ಕೆ ಮೂರು ಲೀಟರಿನಂತೆ ತಿಂಗಳಿಗೆ ನಾಲ್ಕೂವರೆ ಕ್ಯಾನ್, 180 ರೂಪಾಯಿ. ಯಾವ ಆರ್‌ಒ ಯಂತ್ರವೂ ಆ ಹಣಕ್ಕೆ ನಡೆಯುವುದಿಲ್ಲ. ಬಾಡಿಗೆ ಮನೆಯವರು ಹನ್ನೊಂದು ತಿಂಗಳ ಕರಾರು ಮುಗಿದಾಗೆಲ್ಲ ಯಂತ್ರ ಬಿಚ್ಚಿಸಿ ಮತ್ತೆ ಹಾಕಿಸುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಹೊಸ ಮನೆಯ ಮಾಲೀಕರು ಅಡುಗೆಮನೆಯ ಟೈಲ್ಸಿಗೆ ರಂಧ್ರ ಕೊರೆಯಲು ಒಪ್ಪಬೇಕೆಂಬುದು ಬೇರೆ ಮಾತು. ಇಂಥವರಿಗಾಗಿ ತಿಂಗಳ ಬಾಡಿಗೆಗೆ ಯಂತ್ರ ಕೊಡುವ ವ್ಯವಸ್ಥೆಗಳು ಬಂದಿವೆ. ಫಿಲ್ಟರು, ಸರ್ವೀಸು, ಸ್ಥಳಾಂತರ ಯಾವುದಕ್ಕೂ ಬೇರೆ ಹಣವಿಲ್ಲವೆಂದಾದರೆ ಆ ಬಾಡಿಗೆಯನ್ನು ನೇರವಾಗಿ ನಮ್ಮ ಆರುನೂರಕ್ಕೆ ಹೋಲಿಸಬಹುದು. ದಿನಕ್ಕೆ ಇಷ್ಟೇ ಲೀಟರ್ ಎಂಬ ಮಿತಿ ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಬೇಕು.

ಇಷ್ಟು ಹೊತ್ತು ಆರ್‌ಒ ಬೇಕೇ ಬೇಕು ಎಂದು ಹಿಡಿದು ಮಾತಾಡಿದ್ದೇನೆ. ಎಲ್ಲ ಮನೆಗೂ ಅದು ಬೇಕಿಲ್ಲ. ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ, ಕುಡಿಯುವ ನೀರಿನ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೂ ಅನುಮತಿ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಸರ್ಕಾರಕ್ಕೆ ಹೇಳಿದ್ದು ನೀರು ಪೋಲಾಗುವ ಕಾರಣಕ್ಕಾಗಿಯೇ. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರಿನ ಟಿಡಿಎಸ್ ಈ ಮಿತಿಗಿಂತ ಬಹಳ ಕೆಳಗಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತದ ಯೋಜನೆ ಉದ್ಘಾಟನೆಯಾದ ಮೇಲೆ ನಗರಕ್ಕೆ ಸೇರಿದ್ದ 110 ಹಳ್ಳಿಗಳ ಎಷ್ಟೋ ಮನೆಗಳಿಗೆ ಈ ನೀರು ಹೊಸದಾಗಿ ಬರುತ್ತಿದೆ, ಆದರೆ ಕೊಳವೆಬಾವಿಯ ಕಾಲದಲ್ಲಿ ಹಾಕಿಸಿದ ಆರ್‌ಒ ಯಂತ್ರ ಗೋಡೆಯ ಮೇಲೆ ಹಾಗೆಯೇ ಓಡುತ್ತಿದೆ.

ಇಂಥ ಮನೆಗೆ ರೋಗಾಣುಗಳನ್ನು ಕೊಲ್ಲುವ ಯುವಿ ದೀಪ ಮತ್ತು ಅವನ್ನು ಸೋಸಿ ತಡೆಯುವ ಯುಎಫ್ ಫಿಲ್ಟರು ಇರುವ ಯಂತ್ರ ಸಾಕು. ಯಂತ್ರಕ್ಕೆ 9,000, ಆರು ವರ್ಷ ಫಿಲ್ಟರಿಗೂ ದೀಪಕ್ಕೂ ವರ್ಷಕ್ಕೆ 1,800, ಪ್ರೀಫಿಲ್ಟರಿಗೆ ಮೊದಲಿನಂತೆ 4,200, ವಿದ್ಯುತ್ತಿಗೆ ಐನೂರರಷ್ಟು ಎಂದು ಕೂಡಿಸಿದರೆ 24,500. ತಿಂಗಳಿಗೆ 292 ರೂಪಾಯಿ. ಹೊರಹೋಗುವ ನೀರಿಲ್ಲ, ಬದಲಿಸಬೇಕಾದ ಮೆಂಬ್ರೇನಿಲ್ಲ. ಇದರ ಗಡಿ ತಿಂಗಳಿಗೆ ಏಳೆಂಟು ಕ್ಯಾನ್, ದಿನಕ್ಕೆ ಐದು ಲೀಟರ್. ಇಬ್ಬರೇ ಇರುವ ಮನೆಯಲ್ಲೂ ಇದು ಕ್ಯಾನಿಗಿಂತ ಅಗ್ಗವಾಗುತ್ತದೆ. ಅಡುಗೆಯ ಐದು ಲೀಟರ್ ಹೇಗೂ ಕುದಿಯುವುದರಿಂದ ಕಾವೇರಿ ನೀರಿನ ಮನೆಯಲ್ಲಿ ಅದನ್ನು ಶುದ್ಧೀಕರಿಸುವ ಅಗತ್ಯವೂ ಇಲ್ಲ. ಕುಡಿಯುವ ನೀರನ್ನು ಕುದಿಸಿ ಆರಿಸುವ ಹಳೆಯ ಪದ್ಧತಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆ. ಇಪ್ಪತ್ತು ಲೀಟರನ್ನು ಕುದಿಗೆ ತರಲು ಸಾಧಾರಣ ಒಲೆಯಲ್ಲಿ ಕಾಲು ಕಿಲೋಗಿಂತ ತುಸು ಕಡಿಮೆ ಅಡುಗೆ ಅನಿಲ ಬೇಕು. ಸಿಲಿಂಡರಿಗೆ 850 ರೂಪಾಯಿ ಎಂದಿಟ್ಟುಕೊಂಡರೆ ಕ್ಯಾನಿನಷ್ಟು ನೀರಿಗೆ ಹದಿನಾಲ್ಕು ರೂಪಾಯಿ. ಆದರೆ ಕುದಿಸುವುದರಿಂದ ರೋಗಾಣು ಸಾಯುತ್ತವೆಯೇ ಹೊರತು ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ, ಆದ್ದರಿಂದ ಕೊಳವೆಬಾವಿಯ ನೀರಿಗೆ ಈ ದಾರಿ ಹೊಂದುವುದಿಲ್ಲ.

ಯಾವ ನೀರು ಬರುತ್ತಿದೆ ಎಂಬುದನ್ನು ಒಂದು ದಿನ ಅಳೆದು ನಿರ್ಧರಿಸಬಾರದು. ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಮೂರೂ ಬೆರೆಯುತ್ತವೆ. ಸೋಮವಾರ 240 ತೋರಿಸಿದ ಮೀಟರು ಗುರುವಾರ 700 ತೋರಿಸಬಹುದು. ಎರಡು ವಾರ ದಿನವೂ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಟ್ಟುಕೊಂಡು, ಹೆಚ್ಚಿನ ದಿನಗಳಲ್ಲಿ 500 ದಾಟುತ್ತಿದ್ದರೆ ಮಾತ್ರ ಆರ್‌ಒ ಬಗ್ಗೆ ಯೋಚಿಸಬೇಕು. ಕೊಳವೆಬಾವಿಯ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್ ಮತ್ತು ಫ್ಲೋರೈಡ್ ಪರೀಕ್ಷಿಸಬೇಕು. ಟಿಡಿಎಸ್ 400 ಇದ್ದೂ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಮಿತಿ ಮೀರಿದ್ದರೆ ಆ ಮನೆಗೆ ಯುವಿ ಯಂತ್ರ ಸಾಲದು.

ಕ್ಯಾನನ್ನೇ ಆರಿಸಿಕೊಂಡವರು ನಲವತ್ತು ರೂಪಾಯಿಗೆ ಏನು ಸಿಗುತ್ತಿದೆ ಎಂದು ನೋಡಿಕೊಳ್ಳಬೇಕು. ಕ್ಯಾನಿನ ಮೇಲೆ ತಯಾರಕರ ಹೆಸರು, ತುಂಬಿದ ದಿನಾಂಕ, ಬ್ಯಾಚ್ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಪ್ಯಾಕ್ ಮಾಡಿದ ಕುಡಿಯುವ ನೀರಿಗೆ ಬಹುಕಾಲ ಕಡ್ಡಾಯವಾಗಿದ್ದ ಬಿಐಎಸ್ ಪ್ರಮಾಣೀಕರಣವನ್ನು ಎಫ್‌ಎಸ್‌ಎಸ್‌ಎಐ 2024ರ ಅಕ್ಟೋಬರಿನಲ್ಲಿ ತನ್ನ ನಿಯಮದಿಂದ ಕೈಬಿಟ್ಟು, ಅದರ ಮುಂದಿನ ತಿಂಗಳು ಈ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ಐಎಸ್ಐ ಮುದ್ರೆಯಿರುವ ಕ್ಯಾನಿನಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಆ ಪರವಾನಗಿ ಯಾರದ್ದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಚೀಟಿಯೇ ಇಲ್ಲದ, ಮುಚ್ಚಳ ಸಡಿಲವಾಗಿರುವ, ಒಳಗೋಡೆ ಗೀಚಿ ಮಂಕಾಗಿರುವ ಅಥವಾ ತಳದಲ್ಲಿ ಹಸಿರು ಛಾಯೆ ಕಾಣುವ ಕ್ಯಾನನ್ನು ಹಿಂದಕ್ಕೆ ಕಳಿಸಬೇಕು. ತೆರೆದ ಕ್ಯಾನನ್ನು ಬಿಸಿಲಿಗಿಡದೆ ಎರಡು ಮೂರು ದಿನದಲ್ಲಿ ಮುಗಿಸಬೇಕು. ಒಬ್ಬರೇ ಇರುವ ಕೊಠಡಿಯಲ್ಲಿ ಒಂದು ಕ್ಯಾನ್ ವಾರದವರೆಗೆ ನಡೆಯುತ್ತದೆ ಎಂಬುದು ಅಗ್ಗದ ಕ್ಯಾನಿನ ನಿಜವಾದ ತೊಂದರೆ. ಅವರು ಹತ್ತು ಲೀಟರಿನ ಕ್ಯಾನ್ ಸಿಕ್ಕಿದರೆ ಅದನ್ನು ಹಿಡಿಯುವುದು ಮೇಲು.

ಸರ್ಕಾರದ ಶುದ್ಧ ಕುಡಿಯುವ ನೀರಿನ ಘಟಕ ನಡೆದು ಹೋಗುವ ದೂರದಲ್ಲಿದ್ದರೆ ಈ ಎಲ್ಲ ಅಂಕಿಗಳೂ ಅದರ ಮುಂದೆ ಸಣ್ಣವಾಗುತ್ತವೆ. ಇಪ್ಪತ್ತು ಲೀಟರಿಗೆ ಐದು ರೂಪಾಯಿಯಾದರೆ ತಿಂಗಳಿಗೆ 113, ಹತ್ತು ರೂಪಾಯಿಯಾದರೆ 225. ಕ್ಯಾನ್ ಹೊರುವ ಕೈ ಮನೆಯಲ್ಲಿರಬೇಕು, ಘಟಕ ಕೆಟ್ಟು ನಿಲ್ಲದೆ ನಡೆಯುತ್ತಿರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಇಂಥ ಹಲವು ಘಟಕಗಳು ಮುಚ್ಚಿದ್ದವು; ತೆರೆದಿದ್ದ ಕಡೆ ಒಬ್ಬರಿಗೆ ಒಂದೇ ಕ್ಯಾನ್ ಎಂದು ಸಾಲು ನಿಲ್ಲಿಸಿದ್ದರು.

ನಮ್ಮ ಮನೆಯಲ್ಲಿ ಈಗ ಐದು ಜನರಿದ್ದೇವೆ, ದಿನಕ್ಕೆ ಹದಿನೆಂಟು ಲೀಟರ್ ಬೇಕು, ನೀರು ಪೂರ್ತಿ ಟ್ಯಾಂಕರಿನದು. ನಾವು ಆರ್‌ಒ ಇಟ್ಟುಕೊಂಡು ಎಎಂಸಿಯನ್ನು ಮಾತ್ರ ಬಿಟ್ಟಿದ್ದೇವೆ. ಕಳೆದ ವರ್ಷ ಫಿಲ್ಟರು, ಕೂಲಿ, ಪ್ರೀಫಿಲ್ಟರು ಸೇರಿ 2,450 ರೂಪಾಯಿ ಖರ್ಚಾಯಿತು. ಮೆಂಬ್ರೇನಿನಲ್ಲಿ ದಾಟುವ ಲವಣ ಈಗ ನೂರಕ್ಕೆ ಹನ್ನೊಂದು ಪಾಲಿನಷ್ಟಿದೆ, ಇನ್ನೊಂದು ಬೇಸಿಗೆ ಅದು ನಡೆಯಬಹುದು. ಇದೇ ನಗರದ ಇನ್ನೊಂದು ತುದಿಯಲ್ಲಿ ಕೊಠಡಿ ಮಾಡಿಕೊಂಡಿರುವ ನನ್ನ ತಮ್ಮ ಯಂತ್ರ ಕೊಳ್ಳಬೇಕೆಂದು ಕೇಳಿದಾಗ, ತಿಂಗಳಿಗೆ ಏಳು ಕ್ಯಾನ್ ಮೀರದ ತನಕ ಬೇಡವೆಂದು ಹೇಳಿದ್ದೇನೆ.